ಚಂದ್ರನ ಸುತ್ತ ಉಂಗುರ: ಅಷ್ಟೇ ದೂರದಲ್ಲಿ ಯಾಕೆ?

ಹುಣ್ಣಿಮೆ ಹತ್ತಿರ ಬಂದಾಗ ಕೆಲವು ರಾತ್ರಿ ನನಗೆ ಫೋನ್ ಬರುತ್ತದೆ. "ಚಂದ್ರನ ಸುತ್ತ ದೊಡ್ಡ ಉಂಗುರ ಕಟ್ಟಿದೆ, ಏನದು?" ಹವಾಮಾನ ವೀಕ್ಷಕನಾಗಿ ಕೆಲಸ ಮಾಡಿದವನು ಅಂತ ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಇದು. ಹೋದ ಬೇಸಿಗೆಯಲ್ಲಿ ಹಾಗೆ ಕೇಳಿದವರು ನಮ್ಮ ಮನೆಯ ಮಕ್ಕಳೇ. ಅಣ್ಣನ ಮಗಳು ಮತ್ತು ತಮ್ಮನ ಮಗ, ದಾವಣಗೆರೆಯ ಮನೆ ತಾರಸಿ ಮೇಲಿಂದ. ಅವಳು ಬಿ.ಎಸ್ಸಿ., ಅವನು ಪಿಯುಸಿ. ಸ್ಪೀಕರ್ ಹಾಕಿಕೊಂಡು ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು.

ಹುಡುಗನ ವಾದ ಹೀಗಿತ್ತು. "ದೊಡ್ಡಪ್ಪ, ಮೋಡಾನೇ ಇಲ್ಲ. ನಕ್ಷತ್ರ ಕಾಣ್ತಿದೆ. ಮೋಡ ಇಲ್ಲದೆ ಉಂಗುರ ಎಲ್ಲಿಂದ ಬಂತು? ಇದು ಧೂಳೇ ಇರಬೇಕು." ಹುಡುಗಿಯ ಪ್ರಶ್ನೆ ಬೇರೆ. "ಧೂಳೋ ಮೋಡವೋ, ಏನೇ ಆಗಲಿ ಕಣೋ, ಅದು ಆಕಾಶದ ತುಂಬ ಇದೆ ಅಲ್ವಾ? ಹಾಗಿದ್ರೆ ಒಂದು ಗೆರೆ ಮಾತ್ರ ಯಾಕೆ ಹೊಳೀಬೇಕು? ಉಳಿದ ಜಾಗ ಯಾಕೆ ಸುಮ್ನೆ ಇದೆ?"

ಅವಳ ಪ್ರಶ್ನೆಯೇ ಈ ವಿಷಯದ ತಿರುಳು. ಉಂಗುರ ಹಿಮದ ಹರಳುಗಳಿಂದ ಬರುತ್ತದೆ ಅನ್ನುವುದನ್ನು ಎಲ್ಲರೂ ಓದಿರುತ್ತಾರೆ. ಹರಳುಗಳು ಎಲ್ಲ ಕಡೆ ಇದ್ದರೂ ಬೆಳಕು ಒಂದೇ ದೂರದಲ್ಲಿ ಯಾಕೆ ಎದ್ದು ಕಾಣುತ್ತದೆ ಅನ್ನುವುದನ್ನು ಬಿಡಿಸಿ ಹೇಳುವವರು ಕಡಿಮೆ.

ಮೊದಲು ಅಳತೆ ಮಾಡಿಸಿದೆ. ಕೈ ಪೂರ್ತಿ ಚಾಚಿ, ಹೆಬ್ಬೆರಳು ಕಿರುಬೆರಳು ಎರಡನ್ನೂ ಆದಷ್ಟು ಅಗಲಿಸಿ, ಹೆಬ್ಬೆರಳ ತುದಿಯನ್ನು ಚಂದ್ರನ ಮೇಲಿಡಿ ಅಂದೆ. ಕಿರುಬೆರಳು ಉಂಗುರದ ಹತ್ತಿರಕ್ಕೇ ಬಂತು. ಈ ಗೇಣು ಕಣ್ಣಿಗೆ ಸುಮಾರು 20ರಿಂದ 22 ಡಿಗ್ರಿ ಕೋನ. ಇಬ್ಬರ ಕೈಗೂ ಅಷ್ಟೇ ಬಂತು. ಉದ್ದ ಕೈಯವರ ಗೇಣೂ ಸಾಮಾನ್ಯವಾಗಿ ದೊಡ್ಡದೇ ಇರುತ್ತದೆ, ಹಾಗಾಗಿ ಲೆಕ್ಕ ಹೆಚ್ಚು ತಪ್ಪುವುದಿಲ್ಲ.

ಆಮೇಲೆ ಇನ್ನೊಂದು ಪರೀಕ್ಷೆ. ನೀರಿನ ಟ್ಯಾಂಕಿನ ಮರೆಗೆ ನಿಂತು ಚಂದ್ರನನ್ನು ಮಾತ್ರ ಮುಚ್ಚಿ ನೋಡಿ ಅಂದೆ. ಉಂಗುರ ಹಾಗೇ ಇತ್ತು. ಕನ್ನಡಕದ ಮೇಲಿನ ಆವಿಯಿಂದಲೋ ಮೊಬೈಲ್ ಲೆನ್ಸಿನ ಒಳಗಿನ ಪ್ರತಿಫಲನದಿಂದಲೋ ಕಾಣುವ ಬಳೆಯಾಗಿದ್ದರೆ, ಚಂದ್ರ ಮರೆಯಾದ ಕೂಡಲೇ ಅದೂ ಹೋಗಬೇಕಿತ್ತು.

ಇಷ್ಟಾದ ಮೇಲೆ ಹುಡುಗನಿಗೆ ಉತ್ತರ ಸಿಕ್ಕಿದ ಹಾಗೇ. ಮೋಡ ಇದೆ. ಅದರ ಹೆಸರು ಸಿರೋಸ್ಟ್ರೇಟಸ್. ನಮ್ಮ ನಾಡಿನ ಮೇಲೆ ಸುಮಾರು 5 ಕಿಲೋಮೀಟರ್ ಎತ್ತರಕ್ಕೆ ಹೋದರೆ ಉಷ್ಣತೆ ಸೊನ್ನೆಗೆ ಇಳಿಯುತ್ತದೆ. 10 ಕಿಲೋಮೀಟರ್ ಆಸುಪಾಸಿನಲ್ಲಿ ಸೊನ್ನೆಗಿಂತ 30 ಡಿಗ್ರಿಯಷ್ಟು ಕೆಳಗೆ. ಕೆಳಗೆ ದಾವಣಗೆರೆಯಲ್ಲಿ ಫ್ಯಾನ್ ಇಲ್ಲದೆ ಮಲಗಲು ಆಗದ ರಾತ್ರಿಯಲ್ಲೂ ಅಲ್ಲಿ ಮೋಡ ಅಂದರೆ ಹಿಮದ ಹರಳುಗಳೇ. ಈ ಮೋಡ ಎಷ್ಟು ತೆಳು ಅಂದರೆ ನಕ್ಷತ್ರಗಳು ಅದರ ಮೂಲಕವೇ ಕಾಣುತ್ತವೆ, ಚಂದ್ರನ ಬೆಳಕಿಗೆ ನೆಲದ ಮೇಲೆ ನೆರಳೂ ಬೀಳುತ್ತದೆ. ರಾತ್ರಿ ಪಾಳಿಯ ವೀಕ್ಷಕನಿಗೆ ಈ ಮೋಡ ಕಾಣುವುದೇ ಇಲ್ಲ. ಅದು ಇದೆ ಅಂತ ಗೊತ್ತಾಗುವುದು ಉಂಗುರದಿಂದ. ಆಕಾಶ ಬರಿದಾಗಿದೆ ಅನ್ನಿಸಿದರೂ, ಪೂರ್ತಿ ಉಂಗುರ ಕಂಡರೆ ನಾವು ಎತ್ತರದ ಮೋಡದ ಕಲಮಿನಲ್ಲಿ ಸಿರೋಸ್ಟ್ರೇಟಸ್ ಅಂತ ಬರೆಯುತ್ತಿದ್ದೆವು. ಧೂಳಿನಿಂದ ಇಂಥ ಉಂಗುರ ಬರುವುದಿಲ್ಲ. ಅದಕ್ಕೆ ಕಾರಣ ಹರಳಿನ ಆಕಾರದಲ್ಲಿದೆ.

ಹಿಮದ ಹರಳು ಆರು ಮೂಲೆಯ ಪೆನ್ಸಿಲ್ ತುಂಡಿನ ಹಾಗೆ ಬೆಳೆಯುತ್ತದೆ. ಸುತ್ತ ಆರು ಮುಖ. ಬೆಳಕು ಒಂದು ಮುಖದಲ್ಲಿ ಒಳಗೆ ಹೋಯಿತು ಅಂತಿಟ್ಟುಕೊಳ್ಳಿ. ಎದುರಿನ ಸಮಾನಾಂತರ ಮುಖದಿಂದ ಹೊರಬಿದ್ದರೆ ಬಂದ ದಿಕ್ಕಿಗೇ ಹೋಗುತ್ತದೆ, ಬಾಗುವುದಿಲ್ಲ. ಪಕ್ಕದ ಮುಖದಿಂದ ಹೊರಬೀಳಲು ಆಗುವುದೇ ಇಲ್ಲ, ಅಲ್ಲಿ ಪೂರ್ತಿ ಪ್ರತಿಫಲಿಸಿ ಒಳಗೇ ಉಳಿಯುತ್ತದೆ. ಪಕ್ಕದ್ದನ್ನು ಬಿಟ್ಟು ಅದರಾಚೆಯ ಮುಖ ಇದೆಯಲ್ಲ, ನಮಗೆ ಬೇಕಾದ್ದು ಅದು. ಒಳಹೋದ ಮುಖಕ್ಕೂ ಅದಕ್ಕೂ ನಡುವೆ 60 ಡಿಗ್ರಿ ಕೋನ. ಅಂದರೆ ಶಾಲೆಯ ಲ್ಯಾಬಿನಲ್ಲಿ ಗುಂಡುಸೂಜಿ ಚುಚ್ಚಿ ಪ್ರಯೋಗ ಮಾಡಿದ ಗಾಜಿನ ಪ್ರಿಸಂ ಇಲ್ಲೂ ಇದೆ, ಗಾಜಿನ ಬದಲು ಹಿಮ. 17ನೇ ಶತಮಾನದಲ್ಲಿ ಫ್ರಾನ್ಸಿನ ಎಡ್ಮೆ ಮಾರಿಯಟ್ ಈ ಉಂಗುರಕ್ಕೆ ಕೊಟ್ಟ ವಿವರಣೆ ಇದೇ 60 ಡಿಗ್ರಿಯ ಹಿಮದ ಪ್ರಿಸಂ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಮೋಡದೊಳಗೆ ಸಣ್ಣ ಹರಳುಗಳು ಉರುಳಾಡುತ್ತ ಇಳಿಯುತ್ತವೆ. ಒಂದೊಂದೂ ಒಂದೊಂದು ಕಡೆಗೆ ತಿರುಗಿರುತ್ತದೆ. ಹಾಗಾದರೆ ಒಂದೊಂದೂ ಬೆಳಕನ್ನು ಒಂದೊಂದು ಕಡೆ ಬಾಗಿಸಿ, ಆಕಾಶದ ತುಂಬ ಮಸುಕು ಬೆಳಕು ಹರಡಬೇಕಿತ್ತು. ಹಾಗೆ ಆಗದ್ದಕ್ಕೆ ಕಾರಣ ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಮಾಡಲೇಬೇಕು. ನಾನು ಅವಳಿಗೆ ಫೋನಿನಲ್ಲೇ ಮಾಡಿಸಿದೆ. ಹಿಮದ ವಕ್ರೀಭವನಾಂಕ 1.31. ಬೆಳಕು ಒಳಹೋಗುವ ಕೋನ ಒಂದೊಂದಕ್ಕೂ ಅದು ಒಟ್ಟು ಎಷ್ಟು ಬಾಗಿತು ಅಂತ ನೋಡುವುದು.

ಒಳಹೋಗುವ ಕೋನ 15 ಡಿಗ್ರಿ ಇದ್ದರೆ ಬಾಗುವುದು 34 ಡಿಗ್ರಿ. 20 ಇದ್ದರೆ ಸುಮಾರು 27 ಡಿಗ್ರಿ. ಹರಳು ಬರೀ 5 ಡಿಗ್ರಿ ತಿರುಗಿದ್ದಕ್ಕೆ ಬೆಳಕು ಹೊರಬರುವ ದಿಕ್ಕು 7 ಡಿಗ್ರಿ ಸರಿಯಿತು. ಇನ್ನೂ ತಿರುಗಿಸಿ. 30 ಇದ್ದರೆ 23 ಡಿಗ್ರಿ. 35 ಇದ್ದರೆ 22.2. 41 ಇದ್ದರೆ 21.8. ಮುಂದೆ ಮತ್ತೆ ನಿಧಾನವಾಗಿ ಏರುತ್ತದೆ: 50 ಇದ್ದರೆ 22.5, 55 ಇದ್ದರೆ 23.4.

"ಚಿಕ್ಕಪ್ಪ, 30ರಿಂದ 55ರವರೆಗೆ ಏನೂ ಆಗ್ಲೇ ಇಲ್ವಲ್ಲ" ಅಂದಳು. ಅದೇ ಉತ್ತರ. ಹರಳು 25 ಡಿಗ್ರಿ ತಿರುಗಿದರೂ ಬೆಳಕಿನ ದಿಕ್ಕು ಸುಮಾರು ಒಂದೂವರೆ ಡಿಗ್ರಿಯಷ್ಟೇ ಕದಲುತ್ತದೆ. ಹರಳುಗಳು ಹೇಗೆ ಬೇಕಾದರೂ ತಿರುಗಿರಲಿ, ಅವುಗಳಲ್ಲಿ ದೊಡ್ಡ ಪಾಲು ಬೆಳಕನ್ನು 22 ಡಿಗ್ರಿಯ ಹತ್ತಿರವೇ ಕಳಿಸುತ್ತದೆ. ಬೆಳಕು ಅಲ್ಲಿ ಗುಂಪುಗೂಡುತ್ತದೆ. 15–20ರ ಕೋನದಲ್ಲಿ ತಿರುಗಿರುವ ಹರಳುಗಳ ಬೆಳಕು ಅಗಲವಾಗಿ ಚೆಲ್ಲಿಹೋಗಿ ಕಣ್ಣಿಗೆ ಗೊತ್ತೇ ಆಗುವುದಿಲ್ಲ. 21.8ಕ್ಕಿಂತ ಕಡಿಮೆ ಬಾಗಿಸಲು ಈ ದಾರಿಯಲ್ಲಿ ಯಾವ ಹರಳಿಗೂ ಸಾಧ್ಯವಿಲ್ಲ. ಅದಕ್ಕೇ ಉಂಗುರದ ಒಳಭಾಗ ಹೊರಗಿಗಿಂತ ಕಪ್ಪಾಗಿ ಕಾಣುತ್ತದೆ. ಒಳ ಅಂಚು ಗೆರೆ ಎಳೆದ ಹಾಗೆ ಸ್ಪಷ್ಟ, ಹೊರ ಅಂಚು ಮೆಲ್ಲಗೆ ಮಾಸಿಹೋಗುತ್ತದೆ. ಇದನ್ನು ಅವರಿಬ್ಬರೂ ಅಲ್ಲೇ ನೋಡಿ ಹೌದು ಅಂದರು. ನನ್ನ ಪ್ರಕಾರ ಉಂಗುರದಲ್ಲಿ ಕಣ್ಣಿಟ್ಟು ನೋಡಬೇಕಾದ್ದು ಈ ಎರಡು ಅಂಚುಗಳನ್ನೇ. ಮೇಲಿನ ಅಂಕಿಗಳು ಅಲ್ಲಿ ಬರಿಗಣ್ಣಿಗೆ ಕಾಣುತ್ತವೆ.

ಇನ್ನು ಅದು ಉಂಗುರವೇ ಆಗಿರಬೇಕಾದ್ದು ಯಾಕೆ? ಚಂದ್ರನಿಂದ 22 ಡಿಗ್ರಿ ದೂರದಲ್ಲಿರುವ ಹರಳು ಬೆಳಕನ್ನು 22 ಡಿಗ್ರಿ ಬಾಗಿಸಿದರೆ ಅದು ನಿಮ್ಮ ಕಣ್ಣಿಗೆ ಬೀಳುತ್ತದೆ. ಮೇಲೆ, ಕೆಳಗೆ, ಎಡ, ಬಲ, ಎಲ್ಲ ಕಡೆಗೂ ಇದೇ ಲೆಕ್ಕ. ಚಂದ್ರನಿಂದ ಅಷ್ಟೇ ದೂರದ ಬಿಂದುಗಳೆಲ್ಲ ಸೇರಿದರೆ ವೃತ್ತ. ಉಳಿದ ಜಾಗದ ಹರಳುಗಳೂ ಬೆಳಕು ಬಾಗಿಸುತ್ತಲೇ ಇವೆ. ಆದರೆ ಅದು ನಿಮ್ಮ ಕಣ್ಣಿಗೆ ಬರದೆ ಬೇರೆ ಕಡೆ ಹೋಗುತ್ತದೆ. ಹರಿಹರದಲ್ಲಿ ನಿಂತವರಿಗೆ ಬೇರೆ ಹರಳುಗಳು ಬೇರೆ ಉಂಗುರ ತೋರಿಸುತ್ತವೆ. ಅಷ್ಟು ದೂರ ಯಾಕೆ, ತಾರಸಿಯ ಮೇಲೆ ಪಕ್ಕಪಕ್ಕ ನಿಂತ ಅಕ್ಕ ತಮ್ಮನೂ ಕರಾರುವಾಕ್ಕಾಗಿ ಒಂದೇ ಹರಳುಗಳ ಬೆಳಕು ನೋಡುತ್ತಿರಲಿಲ್ಲ. ಚಂದ್ರ ನೆತ್ತಿಯ ಮೇಲಿದ್ದು ಮೋಡ 10 ಕಿಲೋಮೀಟರ್ ಎತ್ತರದಲ್ಲಿದ್ದರೆ, ಉಂಗುರ ತೋರಿಸುವ ಹರಳುಗಳ ಸುತ್ತು ಸುಮಾರು 8 ಕಿಲೋಮೀಟರ್ ಅಗಲ ಇರುತ್ತದೆ.

ಬಣ್ಣದ ಬಗ್ಗೆ ಹುಡುಗ ಕೇಳಿದ. ಪ್ರಿಸಂ ಅಂದಮೇಲೆ ಕಾಮನಬಿಲ್ಲಿನ ಬಣ್ಣ ಬರಬೇಕಲ್ಲ? ಬರುತ್ತದೆ, ಆದರೆ ಮಸುಕಾಗಿ. ಕೆಂಪು ಕಡಿಮೆ ಬಾಗುತ್ತದೆ, ಸುಮಾರು 21.6 ಡಿಗ್ರಿ. ನೇರಳೆ 22.4ರ ಹತ್ತಿರ. ಕೆಂಪು ಒಳಗೆ, ನೀಲಿ ಹೊರಗೆ. ನಡುವಿನ ಅಂತರ ಒಂದು ಡಿಗ್ರಿಯೂ ಇಲ್ಲ. ಚಂದ್ರಬಿಂಬವೇ ಅರ್ಧ ಡಿಗ್ರಿ ಅಗಲ ಇರುವುದರಿಂದ ಬಣ್ಣಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಜೊತೆಗೆ ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದು ಕಷ್ಟ. ಹಗಲಲ್ಲಿ ಸೂರ್ಯನಿಗೂ ಇದೇ ಉಂಗುರ ಕಟ್ಟುತ್ತದೆ. 2021ರ ಮೇ 24ರಂದು ಬೆಂಗಳೂರಿನಲ್ಲಿ ಜನ ಬಾಲ್ಕನಿಗೆ ಬಂದು ನೋಡಿದ್ದು ಅದನ್ನೇ. ಅಲ್ಲಿ ಬೆಳಕು ಜಾಸ್ತಿ ಇದ್ದುದರಿಂದ ಒಳ ಅಂಚಿನ ಕೆಂಪು ಚೆನ್ನಾಗಿ ಕಂಡಿತ್ತು. ಸೂರ್ಯನ ಉಂಗುರ ನೋಡುವಾಗ ಮಾತ್ರ ಬಿಂಬವನ್ನು ಕಂಬದ ಅಥವಾ ಗೋಡೆಯ ಮರೆಯಲ್ಲಿ ಇಟ್ಟುಕೊಂಡೇ ನೋಡಬೇಕು.

ಬಣ್ಣದ ಈ ಕ್ರಮ ಇನ್ನೊಂದು ಗೊಂದಲವನ್ನೂ ಬಿಡಿಸುತ್ತದೆ. ಕೆಲವು ರಾತ್ರಿ ಚಂದ್ರನಿಗೆ ಅಂಟಿಕೊಂಡ ಹಾಗೆ ಸಣ್ಣ ಬಣ್ಣದ ಬಳೆ ಕಾಣುತ್ತದೆ. ಹೆಚ್ಚಿನವರು ಅದನ್ನೂ ಇದೇ ಅಂದುಕೊಳ್ಳುತ್ತಾರೆ. ಅದು ಕರೋನ. ಮೋಡದ ಸಣ್ಣ ನೀರಹನಿಗಳ ಅಂಚಿನಲ್ಲಿ ಬೆಳಕು ಚದುರಿ ಆಗುವಂಥದ್ದು. ಕೆಲವೇ ಡಿಗ್ರಿ ಅಗಲ, ಮತ್ತೆ ಅದರಲ್ಲಿ ಕೆಂಪು ಹೊರಗಿರುತ್ತದೆ. ಗೇಣು ಇಟ್ಟು ನೋಡಿದರೆ ಎರಡೂ ಒಂದೇ ಅನ್ನುವ ಅನುಮಾನವೇ ಉಳಿಯುವುದಿಲ್ಲ.

ಕೊನೆಗೆ ಅಜ್ಜಿ ಕೆಳಗಿಂದ ಕೂಗಿ ಹೇಳಿದ ಮಾತು ಬಂತು: ಚಂದ್ರನಿಗೆ ಉಂಗುರ ಕಟ್ಟಿದರೆ ಮಳೆ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಸಮಶೀತೋಷ್ಣ ನಾಡುಗಳಲ್ಲಿ ಮಳೆ ತರುವ ಬಿಸಿಗಾಳಿಯ ಮುಂಚೂಣಿಗೆ ಎಷ್ಟೋ ಗಂಟೆ ಮೊದಲು ಸಿರೋಸ್ಟ್ರೇಟಸ್ ಬರುತ್ತದೆ, ಅಲ್ಲಿ ಈ ಮಾತಿಗೆ ಬಲ ಇದೆ. ನಮ್ಮಲ್ಲಿ ಬೇಸಿಗೆಯಲ್ಲಿ ಈ ಮೋಡ ಎಷ್ಟೋ ಸಲ ದೂರದ ಗುಡುಗು ಮಳೆಯ ಮೋಡದ ತಲೆ ಹರಡಿಕೊಂಡು ಬಂದದ್ದು. ಆ ಮಳೆ ಇತ್ತ ಬರಲೂಬಹುದು, ಬೇರೆ ಕಡೆ ಸುರಿದು ಮುಗಿದಿರಲೂಬಹುದು. ಉಂಗುರವೊಂದರಿಂದ ಅದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಆಮೇಲಿನ ಬದಲಾವಣೆಯಿಂದ. ಹಾಗಾಗಿ ಅವರಿಗೆ ಇನ್ನೊಂದೆರಡು ಗಂಟೆ ಬಿಟ್ಟು ನೋಡಲು ಹೇಳಿದೆ. ಉಂಗುರ ಅಳಿಸಿಹೋಗಿ ಚಂದ್ರ ಉಜ್ಜಿದ ಗಾಜಿನ ಹಿಂದೆ ಇರುವ ಹಾಗೆ ಮಂಕಾದರೆ ಮೋಡ ದಪ್ಪಗಾಗಿ ಕೆಳಗಿಳಿಯುತ್ತಿದೆ ಅಂತ ಅರ್ಥ, ಆಗ ಅಜ್ಜಿಯ ಮಾತಿಗೆ ತೂಕ ಬರುತ್ತದೆ. ಉಂಗುರ ಒಂದು ಕಡೆಯಿಂದ ತುಂಡಾಗಿ ಚಂದ್ರ ಇನ್ನೂ ಚೊಕ್ಕವಾದರೆ ಮೋಡ ಸರಿದುಹೋಗುತ್ತಿದೆ. ಹನ್ನೊಂದೂವರೆಗೆ ಹುಡುಗ ಮೆಸೇಜ್ ಹಾಕಿದ: ಪಶ್ಚಿಮದ ಕಡೆಯ ಅರ್ಧ ಉಂಗುರ ಹೋಗಿದೆ, ಚಂದ್ರ ಫಳಫಳ ಹೊಳೀತಿದಾನೆ. ಹಾಗಿದ್ದರೆ ಒಣಹಾಕಿದ ಬಟ್ಟೆ ತೆಗೆಯೋದು ಬೇಡ ಅಂತ ಅಜ್ಜಿಗೆ ಹೇಳು ಅಂತ ಬರೆದೆ.