ನೂರಕ್ಕೆ ಹತ್ತು ಬಿಲ್ ನೋಡಿದರೆ ಆಡಿಟ್ ಆಯಿತೇ?

ಪ್ರಶ್ನೆ: ನಮ್ಮಲ್ಲಿ ಗ್ರಾಹಕರಿಂದ ಹಣ ಬರಬೇಕಾದ ಬಿಲ್‌ಗಳೇ 1,400 ಇವೆ. ಆಡಿಟರ್ 120 ನೋಡಿ ಮುಗಿಸಿದರು. ಹತ್ತು ಪರ್ಸೆಂಟ್ ಆದರೂ ನೋಡಬೇಕಲ್ಲವೇ ಸರ್?

ಮಾರ್ಚ್ ಮುಗಿದ ಮೇಲೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ, ಪ್ರತಿ ವರ್ಷ ಉತ್ತರಿಸುತ್ತೇನೆ. ಹತ್ತು ಪರ್ಸೆಂಟ್ ಎಂಬ ನಿಯಮ ಇಲ್ಲ. ಸ್ಯಾಂಪಲ್ ಬಗ್ಗೆ ಇರುವ ಎಸ್‌ಎ 530 ಎಂಬ ಮಾನದಂಡ ಹೇಳುವುದು ಇದಕ್ಕೆ ವಿರುದ್ಧವಾದ ಮಾತನ್ನೇ: ಬಿಲ್‌ಗಳ ರಾಶಿ ದೊಡ್ಡದಾದಾಗ, ಅದರಲ್ಲಿ ಎಷ್ಟು ಬಿಲ್ ಇವೆ ಎಂಬುದರಿಂದ ಸ್ಯಾಂಪಲ್ ಗಾತ್ರ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ.

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆ ಎಂದಿಟ್ಟುಕೊಳ್ಳಿ. ತೆರಿಗೆಗೆ ಮುಂಚಿನ ಲಾಭ 4 ಕೋಟಿ. ಯಾವ ಮೊತ್ತದ ತಪ್ಪಿದ್ದರೆ ಲೆಕ್ಕ ಓದುವವರ ನಿರ್ಧಾರ ಬದಲಾದೀತು ಎಂದು ಆಡಿಟರ್ ಮೊದಲು ತೀರ್ಮಾನಿಸುತ್ತಾರೆ. ಇದೇ ಮೆಟೀರಿಯಾಲಿಟಿ. ಇಂಥ ಕಾರ್ಖಾನೆಗೆ ಲಾಭದ 5% ತೆಗೆದುಕೊಳ್ಳುವುದು ರೂಢಿ; ಇಲ್ಲಿ ಅದು 20 ಲಕ್ಷ. ಸಣ್ಣ ಸಣ್ಣ ತಪ್ಪುಗಳು ಕೂಡಿ ಆ ಗೆರೆ ದಾಟದಿರಲೆಂದು ಪರೀಕ್ಷೆಗೆ ಇನ್ನೂ ಕಡಿಮೆ ಮೊತ್ತ ಇಟ್ಟುಕೊಳ್ಳುತ್ತಾರೆ. 15 ಲಕ್ಷ ಎನ್ನೋಣ.

ಬರಬೇಕಾದ ಬಾಕಿ 9 ಕೋಟಿ. ಆಡಿಟರ್ ಎಣಿಸುವುದು ಬಿಲ್‌ಗಳನ್ನಲ್ಲ, ರೂಪಾಯಿಗಳನ್ನು. 95% ಭರವಸೆ ಬೇಕು, ತಪ್ಪು ಸಿಗದು ಎಂಬ ನಿರೀಕ್ಷೆ ಇದೆ ಎಂದರೆ ಸಂಖ್ಯಾಶಾಸ್ತ್ರ ಕೊಡುವ ಗುಣಕ 3. 15 ಲಕ್ಷವನ್ನು 3ರಿಂದ ಭಾಗಿಸಿದರೆ 5 ಲಕ್ಷ. ಪ್ರತಿ 5 ಲಕ್ಷ ರೂಪಾಯಿಗೆ ಒಂದು ರೂಪಾಯಿಯನ್ನು ಹಿಡಿದು, ಅದು ಯಾವ ಬಿಲ್‌ನಲ್ಲಿದೆಯೋ ಆ ಬಿಲ್ ನೋಡಬೇಕು. 5 ಲಕ್ಷ ಮತ್ತು ಮೇಲಿನ ಬಿಲ್‌ಗಳು 40 ಇವೆ, ಒಟ್ಟು 5 ಕೋಟಿ. ಅವು ತಪ್ಪಿಸಿಕೊಳ್ಳುವಂತೆಯೇ ಇಲ್ಲ. ಉಳಿದ 4 ಕೋಟಿಗೆ 80 ಬಿಲ್. ನಿಮ್ಮ 120 ಬಂದದ್ದು ಹೀಗೆ.

ಈಗ ಆ 4 ಕೋಟಿ 1,360 ಬಿಲ್‌ಗಳ ಬದಲು 13,600 ಬಿಲ್‌ಗಳಲ್ಲಿ ಹಂಚಿದೆ ಎನ್ನಿ. ಸ್ಯಾಂಪಲ್ ಆಗಲೂ 80. ಹತ್ತು ಪರ್ಸೆಂಟ್ ಹಿಡಿದವರು 1,360 ಬಿಲ್ ತಿರುವಿ ಹಾಕಿ ದಣಿಯುತ್ತಾರೆ. ಅದೇ ಮೊತ್ತ 50 ಬಿಲ್‌ಗಳಲ್ಲಿದ್ದರೆ ಅವರು ಐದನ್ನು ನೋಡಿ ಎದ್ದುಬಿಡುತ್ತಾರೆ, ಕೋಟಿಗಟ್ಟಲೆ ಹಣ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಒಂದೇ ನಿಯಮ ಒಂದು ಕಡೆ ಅತಿ, ಇನ್ನೊಂದು ಕಡೆ ಅಪಾಯ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎನ್ನುವವರಿಗೂ ಒಂದು ಮಾತು: ಅದು ಒಂದೇ ಅಕ್ಕಿ, ಒಂದೇ ಉರಿ ಇರುವ ಪಾತ್ರೆಗೆ ಸರಿ. ಲೆಕ್ಕದಲ್ಲಿ ದೊಡ್ಡ ಬಿಲ್, ಸಣ್ಣ ಬಿಲ್ ಒಂದೇ ಹದದಲ್ಲಿರುವುದಿಲ್ಲ. ಅದಕ್ಕೇ ದೊಡ್ಡವನ್ನು ಬೇರೆ ತೆಗೆಯುವುದು.

ತಪ್ಪು ಸಿಕ್ಕಿದರೆ? 40,000 ರೂಪಾಯಿಯ ಒಂದು ಬಿಲ್ 36,000 ಆಗಬೇಕಿತ್ತು ಎನ್ನಿ. 'ನಾಲ್ಕು ಸಾವಿರ ತಾನೇ, ಸರಿಪಡಿಸಿದೆವು, ಬಿಡಿ' ಎನ್ನುತ್ತಾರೆ ಅಕೌಂಟೆಂಟ್. ಬಿಡಲಾಗದು. ಆ ಬಿಲ್ 5 ಲಕ್ಷ ರೂಪಾಯಿಗಳ ಪರವಾಗಿ ಬಂದು ನಿಂತಿದೆ. ಅದರಲ್ಲಿ 10% ತಪ್ಪಿದ್ದರೆ ಅಂದಾಜು ತಪ್ಪು 50,000. ತಪ್ಪೇ ಇರದು ಎಂದು ಹಾಕಿದ ಲೆಕ್ಕವಾದ್ದರಿಂದ, ಈ ಒಂದು ಬಿಲ್‌ನಿಂದಲೇ ಅಡಗಿರಬಹುದಾದ ತಪ್ಪಿನ ಗರಿಷ್ಠ ಮಿತಿ ಸುಮಾರು 15 ಲಕ್ಷ 87 ಸಾವಿರಕ್ಕೆ ಏರಿ, ಪರೀಕ್ಷೆಗೆ ಇಟ್ಟುಕೊಂಡ 15 ಲಕ್ಷದ ಗೆರೆ ದಾಟುತ್ತದೆ. ಆಗ ಕಾರಣ ಹುಡುಕಬೇಕು, ಇನ್ನಷ್ಟು ಬಿಲ್ ನೋಡಬೇಕು. ದರ ಇಳಿಸಿದ ಮೇಲೂ ಹಳೆ ದರದಲ್ಲೇ ಬಿಲ್ ಹಾಕಿದ್ದು ಕಾರಣವಾದರೆ, ಆ ದರಪಟ್ಟಿಯ ಬಿಲ್‌ಗಳನ್ನೆಲ್ಲ ತೆಗೆಯಬೇಕು. ಎರಡು ದಿನ ಆಡಿಟರ್ ಮತ್ತೆ ಬಂದು ಕೂತರೆ ಬೇಸರ ಪಡಬೇಡಿ.

ಈ ವಿಧಾನಕ್ಕೆ ಒಂದು ಕುರುಡು ಜಾಗವಿದೆ. ಪುಸ್ತಕದಲ್ಲಿ ಬರೆಯದೇ ಬಿಟ್ಟ ಬಿಲ್‌ನಲ್ಲಿ ಹಿಡಿಯಲು ರೂಪಾಯಿಯೇ ಇಲ್ಲ. ಹಾಗಾಗಿ ಕೊಡಬೇಕಾದ ಬಾಕಿಯನ್ನು ಹೀಗೆ ನೋಡಿದರೆ ಸಾಲದು. ಏಪ್ರಿಲ್, ಮೇ ತಿಂಗಳಲ್ಲಿ ಮಾಡಿದ ಪಾವತಿಗಳಿಂದ ಹಿಂದಕ್ಕೆ ಬಂದು, ಮಾರ್ಚ್‌ಗೆ ಸೇರಬೇಕಾದ್ದು ಬಿಟ್ಟುಹೋಗಿದೆಯೇ ಎಂದು ಹುಡುಕಬೇಕು.

ನೀವು ಕೇಳದಿದ್ದರೂ ಇನ್ನೊಂದು ಹೇಳಲೇಬೇಕು. 20 ಲಕ್ಷಕ್ಕಿಂತ ಕೆಳಗಿನ ತಪ್ಪೆಲ್ಲ ಮಾಫಿ ಅಲ್ಲ. ಇದೇ ಕಾರ್ಖಾನೆಯ ಚಾಲ್ತಿ ಆಸ್ತಿ 13 ಕೋಟಿ 33 ಲಕ್ಷ, ಚಾಲ್ತಿ ಹೊಣೆ 10 ಕೋಟಿ. ಬ್ಯಾಂಕು ಸಾಲಪತ್ರದಲ್ಲಿ ಕರೆಂಟ್ ರೇಷಿಯೊ 1.33ಕ್ಕಿಂತ ಇಳಿಯಬಾರದು ಎಂದು ಬರೆಸಿಕೊಂಡಿದೆ. ವಸೂಲಾಗದ 4 ಲಕ್ಷದ ಬಾಕಿಯೊಂದನ್ನು ತೆಗೆದುಹಾಕಿದರೆ ಆಸ್ತಿ 13 ಕೋಟಿ 29 ಲಕ್ಷಕ್ಕೆ ಇಳಿದು ರೇಷಿಯೊ 1.329 ಆಗುತ್ತದೆ, ಷರತ್ತು ಮುರಿಯಿತು. ಮೊತ್ತ ಮೆಟೀರಿಯಾಲಿಟಿಯ ಐದನೇ ಒಂದು ಪಾಲು ಮಾತ್ರ. ಆದರೂ ಆಡಿಟರ್ ಅದನ್ನು ಸರಿಪಡಿಸಿ ಎಂದು ಪಟ್ಟು ಹಿಡಿಯುತ್ತಾರೆ, ಏಕೆಂದರೆ ಆ ಲೆಕ್ಕವನ್ನು ಓದಲಿರುವವರು ಬ್ಯಾಂಕಿನವರು.