ಪದ ಪರಿಚಯ: ಧನ್ಯವಾದ ವರದಿ

ಯಾರದೋ ಆಪರೇಷನ್‌ಗೋ, ಊರಿನ ಶಾಲೆಯ ಕೋಣೆಗೋ ಹತ್ತಾರು ಜನರಿಂದ ಹಣ ಸೇರಿಸುತ್ತಾರೆ. ಸಂಗ್ರಹ ಮುಗಿದ ಮೇಲೆ, ಕೊಟ್ಟವರಿಗೆಲ್ಲ ಒಂದು ಪತ್ರ ಬರೆಯುತ್ತಾರೆ. ಎಷ್ಟು ಬಂತು, ಯಾವುದಕ್ಕೆ ಹೋಯಿತು, ಮುಂದೇನು ಎಂಬ ಮೂರೂ ಅದರಲ್ಲಿ ಇದ್ದರೆ ಅದೇ ಧನ್ಯವಾದ ವರದಿ. ಬರೀ 'ನಿಮ್ಮ ಸಹಾಯಕ್ಕೆ ಚಿರಋಣಿ' ಅಂತ ಬರೆದರೆ ಅದು ಧನ್ಯವಾದ ಮಾತ್ರ. ಬರೀ ಅಂಕಿ ಕೊಟ್ಟರೆ ಅದು ಜಮಾ-ಖರ್ಚು. ಎರಡೂ ಒಂದೇ ಪತ್ರದಲ್ಲಿ ಬಂದಾಗ ಕೊಟ್ಟವರಿಗೆ ತಮ್ಮ ಐನೂರು ರೂಪಾಯಿ ಎಲ್ಲಿಗೆ ಹೋಯಿತು ಎಂದು ಗೊತ್ತಾಗುತ್ತದೆ.

ಇದಕ್ಕೆ ಜಗತ್ತಿಗೇ ಗೊತ್ತಿರುವ ಒಂದು ಉದಾಹರಣೆ ಇದೆ. 2014ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಶುರುವಾದ 'ಐಸ್ ಬಕೆಟ್ ಚಾಲೆಂಜ್' ನೆನಪಿದೆ ಅಲ್ವಾ? ತಲೆಯ ಮೇಲೆ ಮಂಜುಗಡ್ಡೆ ನೀರು ಸುರಿದುಕೊಂಡು, ಎಎಲ್‌ಎಸ್ ಎಂಬ ನರರೋಗದ ಸಂಶೋಧನೆಗೆ ಜನ ಹಣ ಕೊಟ್ಟರು. ಸ್ನಾಯುಗಳು ಒಂದೊಂದಾಗಿ ಸೋಲುತ್ತಾ ಹೋಗುವ ಕಾಯಿಲೆ ಅದು. ಅಲ್ಲಿನ ಎಎಲ್‌ಎಸ್ ಅಸೋಸಿಯೇಷನ್‌ಗೆ ಕೆಲವೇ ವಾರಗಳಲ್ಲಿ 11.5 ಕೋಟಿ ಡಾಲರ್ ಬಂತು. ಅಷ್ಟು ಹಣವನ್ನು ಆ ಸಂಸ್ಥೆ ಹಿಂದೆಂದೂ ಕಂಡಿರಲಿಲ್ಲ. 'ಇದನ್ನೆಲ್ಲ ಏನು ಮಾಡ್ತೀರಿ' ಎಂಬ ಪ್ರಶ್ನೆ ಎಲ್ಲ ಕಡೆಯಿಂದ ಎದ್ದಿತು.

ಸಂಸ್ಥೆ ಕೊಟ್ಟ ಉತ್ತರ ಐದೇ ಸಾಲಿನದು. ಸಂಶೋಧನೆಗೆ 7.7 ಕೋಟಿ, ರೋಗಿಗಳ ಆರೈಕೆಗೆ 2.3 ಕೋಟಿ, ತಿಳುವಳಿಕೆ ಕೆಲಸಕ್ಕೆ 1 ಕೋಟಿ, ಮುಂದಿನ ನಿಧಿ ಸಂಗ್ರಹಕ್ಕೆ 30 ಲಕ್ಷ ಡಾಲರ್. ಕೊನೆಯ ಸಾಲಿನಲ್ಲಿ, ದೇಣಿಗೆ ಹಣವನ್ನು ಸ್ವೀಕರಿಸುವ ಪಾವತಿ ವ್ಯವಸ್ಥೆಯ ಶುಲ್ಕ 20 ಲಕ್ಷ ಡಾಲರ್. ಕೂಡಿಸಿ ನೋಡಿ, ಸರಿಯಾಗಿ 11.5 ಕೋಟಿಯೇ ಆಗುತ್ತದೆ. ನನಗೆ ಆ ಕೊನೆಯ ಸಾಲು ಬಹಳ ಇಷ್ಟ. ಕಾರ್ಡ್ ಕಂಪನಿಗೆ ಹೋದ ಹಣ ಯಾವ ರೋಗಿಗೂ ಸಿಕ್ಕಿಲ್ಲ. ಅದನ್ನು ಬೇರೆ ತಲೆಬರಹದಡಿ ಸೇರಿಸಿ ಮುಚ್ಚಬಹುದಿತ್ತು. ಹಾಗೆ ಮಾಡದೆ ಅದಕ್ಕೇ ಒಂದು ಸಾಲು ಕೊಟ್ಟರು.

ನಮ್ಮಲ್ಲಿ ಒಬ್ಬ ರೋಗಿಗಾಗಿ ಮಾಡುವ ಸಂಗ್ರಹದಲ್ಲಿ ಎಡವಟ್ಟು ಶುರುವಾಗುವುದೂ ಅಲ್ಲಿಂದಲೇ. ಒಂದು ಊಹೆಯ ಲೆಕ್ಕ ಇಟ್ಟುಕೊಳ್ಳೋಣ. ಆಸ್ಪತ್ರೆ ಕೊಟ್ಟ ಎಸ್ಟಿಮೇಟ್ 9 ಲಕ್ಷ ರೂಪಾಯಿ. ಸಂಗ್ರಹ 8,40,000ಕ್ಕೆ ನಿಂತಿತು. ಅದರಲ್ಲಿ 5,20,000 ಆನ್‌ಲೈನ್ ಪ್ಲಾಟ್‌ಫಾರ್ಮ್ ಮೂಲಕ, ಉಳಿದ 3,20,000 ನೇರ ಬ್ಯಾಂಕ್ ಖಾತೆಗೆ. ಪ್ಲಾಟ್‌ಫಾರ್ಮ್ 5% ಶುಲ್ಕ ಹಿಡಿಯಿತು ಅಂದುಕೊಳ್ಳಿ. 26,000 ರೂಪಾಯಿ. ಆ ಶುಲ್ಕದ ಮೇಲೆ 18% ಜಿಎಸ್‌ಟಿ, 4,680. ಅಂದರೆ ಕೈಗೆ ಸೇರಿದ್ದು 8,09,320. ಪತ್ರದಲ್ಲಿ 8,40,000 ಅಂತ ಮಾತ್ರ ಬರೆದು ಖರ್ಚಿಗೆ ಹೋದರೆ ಕೊನೆಗೆ 30,680 ರೂಪಾಯಿ ಎಲ್ಲಿ ಹೋಯಿತು ಎಂದು ಹುಡುಕಬೇಕಾಗುತ್ತದೆ. ಆದ್ದರಿಂದ 'ಕೊಟ್ಟದ್ದು' ಒಂದು ಸಾಲು, 'ಕೈಗೆ ಸೇರಿದ್ದು' ಇನ್ನೊಂದು ಸಾಲು. 'ಕೊಡ್ತೀನಿ' ಅಂತ ಫೋನಿನಲ್ಲಿ ಹೇಳಿ ಇನ್ನೂ ಕಳಿಸದವರ ಹಣ ಎರಡರಲ್ಲೂ ಬರಬಾರದು.

ಇನ್ನು ಖರ್ಚು. ಆಸ್ಪತ್ರೆಯವರು ಒಂದೇ ಸಲ ಬಿಲ್ ಕೊಡುವುದಿಲ್ಲ. ದಾಖಲಾಗುವಾಗ ಅಡ್ವಾನ್ಸ್ ಕಟ್ಟಿಸಿಕೊಂಡು ರಸೀದಿ ಕೊಡುತ್ತಾರೆ. ನಾಲ್ಕು ದಿನಕ್ಕೆ ಇನ್ನೊಂದು ಅಡ್ವಾನ್ಸ್, ಇನ್ನೊಂದು ರಸೀದಿ. ಡಿಸ್ಚಾರ್ಜ್ ದಿನ ಫೈನಲ್ ಬಿಲ್ ಬರುತ್ತದೆ. ಅದರ ಕೆಳಗೆ ಮೊದಲು ಕಟ್ಟಿದ ಅಡ್ವಾನ್ಸ್ ಎಲ್ಲ ಕಳೆದು, ಇನ್ನು ಕಟ್ಟಬೇಕಾದ್ದು ಇಷ್ಟು ಎಂದಿರುತ್ತದೆ. ಗಡಿಬಿಡಿಯಲ್ಲಿ ಮನೆಯವರು ಎಲ್ಲ ರಸೀದಿಗಳನ್ನೂ ಕೂಡಿಸಿ, ಮೇಲೆ ಫೈನಲ್ ಬಿಲ್ಲಿನ ಪೂರ್ತಿ ಮೊತ್ತವನ್ನೂ ಸೇರಿಸಿಬಿಡುತ್ತಾರೆ. ಒಂದೇ ಹಣ ಎರಡು ಸಲ ಖರ್ಚಾದ ಹಾಗೆ ಕಾಣುತ್ತದೆ. ಮೋಸ ಏನೂ ಇರುವುದಿಲ್ಲ, ಆದರೆ ಓದಿದವರಿಗೆ ಹಾಗೆ ಅನಿಸಿಬಿಡಬಹುದು. ಇದನ್ನು ಕಂಡುಹಿಡಿಯುವುದು ಸುಲಭ. ಕೈಗೆ ಸೇರಿದ್ದರಲ್ಲಿ ಖರ್ಚು ಕಳೆದರೆ ಬರುವ ಮೊತ್ತ, ಖಾತೆಯಲ್ಲಿ ಈಗ ಇರುವ ಹಣಕ್ಕೆ ತಾಳೆಯಾಗಬೇಕು. ಮನೆಯ ಹಣವೂ ಅದೇ ಖಾತೆಯಲ್ಲಿ ಓಡಾಡುತ್ತಿದ್ದರೆ ಈ ತಾಳೆ ಸಿಗುವುದೇ ಇಲ್ಲ. ಅದಕ್ಕೇ ಸಂಗ್ರಹಕ್ಕೆ ಬೇರೆಯೇ ಖಾತೆ ಇಡುವುದು ಒಳ್ಳೆಯದು.

ನಮ್ಮ ಲೆಕ್ಕದಲ್ಲಿ ಫೈನಲ್ ಬಿಲ್ 6,85,000 ಆಯಿತು. ಎಸ್ಟಿಮೇಟ್‌ಗಿಂತ ಕಡಿಮೆ, ಯಾಕೆಂದರೆ ಐಸಿಯು ದಿನಗಳು ಅಂದುಕೊಂಡದ್ದಕ್ಕಿಂತ ಕಡಿಮೆಯಾದವು. ಈ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲೇಬೇಕು. ಇಲ್ಲದಿದ್ದರೆ 'ಮೊದಲು ಜಾಸ್ತಿ ಕೇಳಿದ್ರಾ' ಎಂಬ ಅನುಮಾನ ಉಳಿಯುತ್ತದೆ. ಸರ್ಕಾರಿ ಯೋಜನೆ ಅಥವಾ ವಿಮೆಯಿಂದ ಒಂದು ಪಾಲು ಮಂಜೂರಾಗಿದ್ದರೆ ಅದನ್ನೂ ಹೇಳಬೇಕು. ಹೊರಗೆ ತಂದ ಔಷಧಿ, ಪರೀಕ್ಷೆಗೆ 58,000. ಒಟ್ಟು ಖರ್ಚು 7,43,000. ಉಳಿದದ್ದು 66,320.

ಬಿಲ್ಲಿನ ಫೋಟೋವನ್ನು ಹಾಗೇ ಹಂಚಿಕೊಳ್ಳುವವರಿದ್ದಾರೆ. ಅದರಲ್ಲಿ ರೋಗಿಯ ವಿಳಾಸ, ಫೋನ್ ನಂಬರ್, ಆಸ್ಪತ್ರೆಯ ನೋಂದಣಿ ಸಂಖ್ಯೆ, ಕೆಲವೊಮ್ಮೆ ಯಾವ ಪರೀಕ್ಷೆ ಮಾಡಿದರು ಎಂಬ ಪಟ್ಟಿಯೂ ಇರುತ್ತದೆ. ಒಮ್ಮೆ ಹೊರಗೆ ಹೋದದ್ದನ್ನು ವಾಪಸ್ ಪಡೆಯಲಾಗದು. ಮೊತ್ತ ಮತ್ತು ತಾರೀಕು ಬಿಟ್ಟು ಉಳಿದದ್ದನ್ನು ಮುಚ್ಚಿ. ಮೂಲ ಬಿಲ್ ನೋಡಬೇಕು ಅಂದವರಿಗೆ ಮನೆಯಲ್ಲಿ ತೋರಿಸಬಹುದು. ಕೊಟ್ಟವರ ಹೆಸರನ್ನೂ ಅವರನ್ನು ಕೇಳಿಯೇ ಹಾಕಬೇಕು. ಹೆಸರು ಬೇಡ ಅನ್ನುವವರು ಬಹಳ ಜನ ಇರುತ್ತಾರೆ.

ವರದಿಯಲ್ಲಿ ನನಗೆ ಎಲ್ಲಕ್ಕಿಂತ ಕಷ್ಟ ಅನಿಸುವುದು ಮೂರನೇ ಭಾಗ, ಮುಂದೇನು ಎಂಬುದು. ಅಲ್ಲಿ ಭರವಸೆ ಕೊಡುವ ಆಸೆ ಬರುತ್ತದೆ. ಎಎಲ್‌ಎಸ್ ಅಸೋಸಿಯೇಷನ್‌ನ ಹಣದ ಒಂದು ಪಾಲು, ಮುಂದೆ ರೆಲಿವ್ರಿಯೊ ಎಂದು ಹೆಸರಾದ ಔಷಧಿಯ ಪ್ರಯೋಗಕ್ಕೆ ಹೋಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆದರೆ ದೊಡ್ಡ ಪ್ರಯೋಗದಲ್ಲಿ ಅದು ಫಲ ಕೊಡಲಿಲ್ಲ. 2024ರ ಏಪ್ರಿಲ್‌ನಲ್ಲಿ ತಯಾರಕರೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಇನ್ನೊಂದು ಕಡೆ, ಅದೇ ದೇಣಿಗೆಯ ನೆರವಿನ ಸಂಶೋಧನೆಯಿಂದ 2016ರಲ್ಲಿ ಈ ಕಾಯಿಲೆಗೆ ಸಂಬಂಧಿಸಿದ ಎನ್‌ಇಕೆ1 ಎಂಬ ವಂಶವಾಹಿ ಪತ್ತೆಯಾಯಿತು. ಹಣ ಎಲ್ಲಿಗೆ ಹೋಯಿತು ಎಂಬುದಕ್ಕೆ ಒಂದು ವರ್ಷದೊಳಗೆ ಉತ್ತರ ಕೊಡಬಹುದು. ಅದರಿಂದ ಏನಾಯಿತು ಎಂಬುದಕ್ಕೆ ಹತ್ತು ವರ್ಷ ಬೇಕಾಗಬಹುದು. ಹಾಗಾಗಿ 'ಮುಂದೇನು' ಎಂಬಲ್ಲಿ ಫಲಿತಾಂಶದ ಮಾತು ಕೊಡಬಾರದು, ಮಾಡುವ ಕೆಲಸ ಹೇಳಬೇಕು.

ನಮ್ಮ ಊಹೆಯ ರೋಗಿಗೆ ಆರು ತಿಂಗಳ ಔಷಧಿ ಮತ್ತು ತಪಾಸಣೆಗೆ 45,000 ಬೇಕು. ಅದನ್ನು 66,320ರಿಂದ ತೆಗೆದಿಡಲಾಗಿದೆ ಎಂದು ಬರೆಯಬಹುದು. ಅದು ತೆಗೆದಿಟ್ಟ ಹಣ, ಖರ್ಚಾದ ಹಣವಲ್ಲ. ಇವೆರಡನ್ನೂ ಒಂದೇ ಸಾಲಿನಲ್ಲಿ ಸೇರಿಸಬಾರದು. ಇನ್ನುಳಿದ 21,320 ರೂಪಾಯಿ ಮನೆಯವರದ್ದಲ್ಲ, ಚಿಕಿತ್ಸೆಗೆಂದು ಕೊಟ್ಟವರದ್ದು. ಅದನ್ನು ಅದೇ ಆಸ್ಪತ್ರೆಯ ಇನ್ನೊಬ್ಬ ಬಡ ರೋಗಿಯ ಬಿಲ್ಲಿಗೆ ಕಟ್ಟೋಣವೇ, ವಾಪಸ್ ಮಾಡೋಣವೇ ಎಂದು ಅವರನ್ನೇ ಕೇಳಿ, ಇಂಥ ತಾರೀಕಿನೊಳಗೆ ಹೇಳಿ ಎಂದು ಬರೆಯಬೇಕು. ರೋಗಿ ಉಳಿಯದೇ ಹೋದರೂ ಇದೇ ಕ್ರಮ. ಆಗ ಮನೆಯವರಿಗೆ ಲೆಕ್ಕ ಬರೆಯುವ ಶಕ್ತಿ ಇರುವುದಿಲ್ಲ, ಗೆಳೆಯರೊಬ್ಬರು ಕೂತು ಬರೆದುಕೊಡಬೇಕಾಗುತ್ತದೆ. ಆರು ತಿಂಗಳು ಕಳೆದ ಮೇಲೆ, ತೆಗೆದಿಟ್ಟ 45,000ದಲ್ಲಿ ಎಷ್ಟು ಖರ್ಚಾಯಿತು ಎಂದು ತಿಳಿಸುವ ನಾಲ್ಕು ಸಾಲಿನ ಎರಡನೇ ಪತ್ರವೂ ಈ ವರದಿಯ ಭಾಗವೇ.