ಹದಿನಾಲ್ಕು ಪಾಠ, ಏಳು ದಿನ

ಎಸ್‌ಎಸ್‌ಎಲ್‌ಸಿ ಪರೀಕ್ಷೆ-2 ಬರೆಯಬೇಕಿದ್ದ ಹುಡುಗಿಯೊಬ್ಬಳು ಒಂದು ವಾರ ಮೊದಲು ನನ್ನ ಹತ್ತಿರ ಬಂದಳು. ಕೈಯಲ್ಲಿ ಗಣಿತದ ವೇಳಾಪಟ್ಟಿ ಸಿದ್ಧವಾಗಿತ್ತು. ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು, ದಿನಕ್ಕೆ ಎರಡು ಪಾಠದಂತೆ ಏಳು ದಿನಕ್ಕೆ ಹದಿನಾಲ್ಕು ಪಾಠ ಹಂಚಿದ್ದಳು. ಲೆಕ್ಕವೇನೋ ಸರಿ. ಆದರೆ ಇಂಥ ಪಟ್ಟಿ ಮೂರನೇ ದಿನಕ್ಕೆ ನಿಂತುಹೋಗುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಸಂಭವನೀಯತೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ತ್ರಿಭುಜಗಳು ಒಂದೂವರೆ ದಿನ ತಿನ್ನುತ್ತದೆ. ಎರಡಕ್ಕೂ ಒಂದೇ ಜಾಗ ಕೊಟ್ಟರೆ ಹೇಗೆ?

ಪಟ್ಟಿಯನ್ನು ಪಕ್ಕಕ್ಕಿಟ್ಟು ಪಠ್ಯಪುಸ್ತಕದ ಪರಿವಿಡಿ ತೆಗೆಸಿದೆ. ಹದಿನಾಲ್ಕು ಪಾಠದ ಹೆಸರನ್ನೂ ಒಂದರ ಕೆಳಗೊಂದು ಬರೆದು, ಬರುವುದಕ್ಕೆ ಟಿಕ್, ಅರ್ಧಂಬರ್ಧ ಬರುವುದಕ್ಕೆ ಅಡ್ಡಗೆರೆ, ಬರದಿದ್ದಕ್ಕೆ ಇಂಟು ಹಾಕು ಅಂದೆ. ಎಂಟು ಟಿಕ್, ಮೂರು ಅಡ್ಡಗೆರೆ, ಮೂರು ಇಂಟು ಹಾಕಿದಳು.

"ಈಗ ಪುಸ್ತಕ ಮುಚ್ಚಮ್ಮ" ಅಂದೆ. ಪ್ರತಿ ಪಾಠದ ಅಭ್ಯಾಸದಿಂದ ನಡುಮಟ್ಟದ ಒಂದೊಂದು ಲೆಕ್ಕ ಕೊಟ್ಟೆ. ಲೆಕ್ಕಕ್ಕೆ ಐದು ನಿಮಿಷ. ಎಲ್ಲಾ ಸೇರಿ ಎಪ್ಪತ್ತು ನಿಮಿಷ ಹಿಡಿಯಿತು, ಇಡೀ ವಾರದಲ್ಲಿ ಅದಕ್ಕಿಂತ ಲಾಭದ ಸಮಯ ಇರಲಿಲ್ಲ. ಟಿಕ್ ಎಂಟರಿಂದ ನಾಲ್ಕಕ್ಕೆ ಇಳಿಯಿತು: ವಾಸ್ತವ ಸಂಖ್ಯೆಗಳು, ಸಮಾಂತರ ಶ್ರೇಢಿ, ನಿರ್ದೇಶಾಂಕ ರೇಖಾಗಣಿತ, ಸಂಭವನೀಯತೆ. ಇದರಲ್ಲಿ ಸಂಭವನೀಯತೆಗೆ ಅವಳೇ ಇಂಟು ಹಾಕಿದ್ದಳು! ಆ ಪಾಠ ನಡೆದಾಗ ಜ್ವರ ಬಂದು ಶಾಲೆಗೆ ಬಂದಿರಲಿಲ್ಲವಂತೆ, ಸುಮ್ನೆ ಹೆದರಿಕೊಂಡಿದ್ದಳು. ಟಿಕ್ ಹಾಕಿದ್ದ ತ್ರಿಭುಜಗಳು, ಸಂಖ್ಯಾಶಾಸ್ತ್ರ ಅರ್ಧಕ್ಕೆ ನಿಂತವು. ಪುಸ್ತಕದಲ್ಲಿ ಬಿಡಿಸಿದ ಲೆಕ್ಕ ಓದುವಾಗ ಎಲ್ಲಾ ಅರ್ಥವಾಗುತ್ತದೆ, ಅಲ್ವಾ? ಮಕ್ಕಳು ಅದನ್ನೇ "ಬರುತ್ತೆ" ಅಂದುಕೊಳ್ಳುತ್ತಾರೆ.

ಕೊನೆಗೆ ನಾಲ್ಕು ಟಿಕ್, ಆರು ಅಡ್ಡಗೆರೆ, ನಾಲ್ಕು ಇಂಟು ಉಳಿದವು. ಹೆಚ್ಚಿನವರು ಇಂಟು ಹಾಕಿದ ಪಾಠದಿಂದ ಶುರು ಮಾಡುತ್ತಾರೆ. ಬರದಿದ್ದನ್ನು ಮೊದಲು ಕಲಿಯಬೇಕು ಅನ್ನಿಸುವುದು ಸಹಜ. ಒಂದು ತಿಂಗಳಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ವಾರದ ಲೆಕ್ಕದಲ್ಲಿ ಮೊದಲ ಜಾಗ ಅಡ್ಡಗೆರೆಯದು. ಅರ್ಧ ಬರುವ ಪಾಠಕ್ಕೆ ಎರಡು ಗಂಟೆ ಕೊಟ್ಟರೆ ಅಂಕ ಕೈಗೆ ಬರುತ್ತದೆ. ಏನೂ ಬರದ ಪಾಠ ಅದೇ ಎರಡು ಗಂಟೆಯಲ್ಲಿ ಅರ್ಧಕ್ಕೆ ಬಂದು ನಿಲ್ಲುತ್ತದೆ. ಪರೀಕ್ಷೆಯಲ್ಲಿ ಅರ್ಧ ಬರೆದ ಲೆಕ್ಕಕ್ಕೆ ಒಂದೋ ಎರಡೋ ಅಂಕ ಸಿಕ್ಕೀತು, ಅಷ್ಟೇ.

ಅಡ್ಡಗೆರೆಯ ಆರರಲ್ಲಿ ಯಾವುದು ಮೊದಲು ಅನ್ನುವುದನ್ನು ಹಳೆಯ ಪ್ರಶ್ನೆಪತ್ರಿಕೆ ಹೇಳುತ್ತದೆ. ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ, 3 ಗಂಟೆ 15 ನಿಮಿಷ. ಮೂರು ಪತ್ರಿಕೆ ಹರಡಿಕೊಂಡು ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಪಾಠದ ಹೆಸರು ಬರೆಸಿದೆ. ನಕ್ಷೆಯ ಮೂಲಕ ಸಮೀಕರಣ ಬಿಡಿಸುವುದು, ಸರಾಸರಿ ಅಥವಾ ಬಹುಲಕ ಕಂಡುಹಿಡಿಯುವುದು, ಥೇಲ್ಸ್ ಪ್ರಮೇಯ, ಸ್ಪರ್ಶಕದ ಪ್ರಮೇಯ ಮತ್ತೆ ಮತ್ತೆ ಕಣ್ಣಿಗೆ ಬಿದ್ದವು. ಇವೇ ಬರುತ್ತವೆ ಎಂದು ಬಾಜಿ ಕಟ್ಟುವುದಕ್ಕಲ್ಲ ಇದು. ಮೊದಲು ಯಾವುದು, ಆಮೇಲೆ ಯಾವುದು ಎಂಬ ಕ್ರಮಕ್ಕಷ್ಟೇ.

ಅವಳಿಗೆ ದಿನಕ್ಕೆ ಸಿಗುತ್ತಿದ್ದದ್ದು ಐದು ಗಂಟೆ. ಸಂಜೆ ಅಮ್ಮನ ಹೂವಿನ ಅಂಗಡಿಯಲ್ಲಿ ಕೂರಬೇಕಿತ್ತು. ಹತ್ತು ಗಂಟೆ ಓದುತ್ತೇನೆ ಅಂತ ಬರೆದುಕೊಂಡು ಐದು ಓದಿದರೆ ಯೋಜನೆ ಅಲ್ಲೇ ಮುರಿಯುತ್ತದೆ. ಹಾಗಾಗಿ ಐದೇ ಬರೆದೆವು.

ಮೊದಲ ದಿನ ಸಂಖ್ಯಾಶಾಸ್ತ್ರ ಮತ್ತು ರೇಖಾತ್ಮಕ ಸಮೀಕರಣಗಳ ಜೋಡಿ. ಬಹುಲಕದ ಲೆಕ್ಕವೊಂದರಲ್ಲಿ ಅವಳ ಉತ್ತರ 24 ಬಂತು. ವರ್ಗಾಂತರ 10–20ರ ಆವೃತ್ತಿ 6, 20–30ರದ್ದು 12, 30–40ರದ್ದು 8. ಸೂತ್ರ ಬಾಯಿಪಾಠ ಇತ್ತು:

l + [(f₁ − f₀) / (2f₁ − f₀ − f₂)] × h

f₀ ಅಂದರೆ ಹಿಂದಿನ ವರ್ಗಾಂತರದ ಆವೃತ್ತಿ, f₂ ಅಂದರೆ ಮುಂದಿನದ್ದು. ಅವಳು ಅದಲುಬದಲು ಮಾಡಿದ್ದಳು. ಛೇದ ಎರಡು ರೀತಿಯಲ್ಲೂ 10 ಬರುತ್ತದೆ, ಹಾಗಾಗಿ ತಪ್ಪು ಕಾಣುವುದಿಲ್ಲ. ಅಂಶದಲ್ಲಿ 12 − 6 = 6 ಬರಬೇಕಾದ ಕಡೆ 12 − 8 = 4 ಬಂದಿತ್ತು. ಸರಿಯುತ್ತರ 26. 24 ಕೂಡ 20–30ರ ಒಳಗೇ ಇದೆ, ನೋಡಿದರೆ ಅನುಮಾನ ಬರುವುದಿಲ್ಲ. ಹಿಡಿಯುವ ದಾರಿ ಒಂದಿದೆ: ಅಕ್ಕಪಕ್ಕದ ಎರಡರಲ್ಲಿ ಯಾವುದರ ಆವೃತ್ತಿ ಜಾಸ್ತಿಯೋ ಬಹುಲಕ ಆ ಕಡೆಗೆ ವಾಲುತ್ತದೆ. ಇಲ್ಲಿ ಮುಂದಿನದ್ದು ದೊಡ್ಡದು, ಆದ್ದರಿಂದ ಉತ್ತರ ನಡುಬಿಂದು 25ನ್ನು ದಾಟಲೇಬೇಕು. "ಇದನ್ನ ಮೊದಲೇ ಹೇಳಬಾರದಿತ್ತಾ ಸಾರ್" ಅಂದಳು. ಹೇಳಿದ್ದೆ, ಕೊನೆಯ ಬೆಂಚಿಗೆ ತಲುಪಿರಲಿಲ್ಲ.

ಎರಡನೇ ದಿನದಿಂದ ಒಂದು ಕಟ್ಟುಪಾಡು ಹಾಕಿದೆ. ಬೆಳಿಗ್ಗೆ ಮೊದಲ ಇಪ್ಪತ್ತು ನಿಮಿಷ ನಿನ್ನೆಯ ಪಾಠದ ಎರಡು ಲೆಕ್ಕ, ಪುಸ್ತಕ ನೋಡದೆ. ಬಂದರೆ ಮಾತ್ರ ಅಡ್ಡಗೆರೆ ಅಳಿಸಿ ಟಿಕ್. ಹೊಸ ಪಾಠ ಮುಗಿಸಿದ ರಾತ್ರಿಯೇ ಟಿಕ್ ಹಾಕಿದರೆ ಪಟ್ಟಿ ಮತ್ತೆ ಸುಳ್ಳು ಹೇಳತೊಡಗುತ್ತದೆ.

ಅವತ್ತು ವರ್ಗ ಸಮೀಕರಣ. ಅಪವರ್ತಿಸುವುದು ಕೈಗೆ ಹತ್ತಿದ ಮೇಲೆ ಇಂಟು ಹಾಕಿದ್ದ ಬಹುಪದೋಕ್ತಿಗಳಲ್ಲಿ ಶೂನ್ಯತೆ ಕಂಡುಹಿಡಿಯುವ ಲೆಕ್ಕ ತಾನಾಗಿ ಬಂತು, ಎರಡರಲ್ಲೂ ಕೆಲಸ ಅದೇ ತಾನೆ. ಪಾಠಗಳ ಪಟ್ಟಿಯಲ್ಲಿ ಯಾವುದರ ಬೆನ್ನಿಗೆ ಯಾವುದು ಅಂಟಿಕೊಂಡಿದೆ ಎಂದು ನೋಡಿಟ್ಟುಕೊಂಡರೆ ಹೀಗೆ ಒಂದಕ್ಕೆ ಒಂದು ಪುಕ್ಕಟೆ ಸಿಗುತ್ತದೆ. ಮೂರನೇ ದಿನ ತ್ರಿಕೋನಮಿತಿಯಲ್ಲೂ ಹಾಗೇ ಆಯಿತು. 30°, 45°, 60°ಯ ಕೋಷ್ಟಕ ಗಟ್ಟಿಯಾದ ಮೇಲೆ ಅದರ ಅನ್ವಯಗಳಲ್ಲಿ ಒಂದೇ ತ್ರಿಭುಜ ಇರುವ ಲೆಕ್ಕಗಳನ್ನು ಮಾಡಿಸಿದೆ. ಎರಡು ತ್ರಿಭುಜದವು ಬೇಡ ಅಂದೆ.

ನಾಲ್ಕನೇ ದಿನ ತ್ರಿಭುಜಗಳು, ವೃತ್ತಗಳು. ಮೂರೇ ಪ್ರಮೇಯ, ಪ್ರತಿಯೊಂದನ್ನೂ ಮೂರು ಸಲ ಬರೆಯುವುದು. ಓದುವುದಲ್ಲ, ಚಿತ್ರ ಬಿಡಿಸಿ ದತ್ತ, ಸಾಧನೀಯ, ರಚನೆ ಬರೆದು ಸಾಧಿಸುವುದು. ಅವತ್ತು ವೃತ್ತಗಳು ಮುಗಿಯಲಿಲ್ಲ. ಮುಗಿಯದೇ ಹೋಗಬಹುದು ಅಂತಲೇ ಐದನೇ ದಿನವನ್ನು ಅರ್ಧ ಖಾಲಿ ಬಿಟ್ಟಿದ್ದೆವು. ಉಳಿದರ್ಧದಲ್ಲಿ ಟಿಕ್ ಪಾಠಗಳಿಂದ ಎರಡೆರಡು ಲೆಕ್ಕ.

ವೃತ್ತಕ್ಕೆ ಸಂಬಂಧಿಸಿದ ವಿಸ್ತೀರ್ಣ, ಮೇಲ್ಮೈ ವಿಸ್ತೀರ್ಣ ಮತ್ತು ಘನಫಲ, ಇವೆರಡನ್ನು ಬೇಕಂತಲೇ ಬಿಟ್ಟೆವು. ಪೂರ್ತಿ ಅಲ್ಲ. ಇತ್ತೀಚಿನ ಪತ್ರಿಕೆಗಳಲ್ಲಿ ಒಂದು ಅಂಕದ ಪ್ರಶ್ನೆಗಳೇ ಹದಿನಾರು ಇರುತ್ತವೆ, ಬಿಟ್ಟ ಪಾಠದಿಂದಲೂ ಬರುತ್ತವೆ. ಅದಕ್ಕಾಗಿ ಸೂತ್ರಗಳನ್ನು ಒಂದು ಹಾಳೆಯಲ್ಲಿ ಬರೆದು, ನೇರವಾಗಿ ಬೆಲೆ ಹಾಕುವ ಲೆಕ್ಕ ಮಾತ್ರ ಮಾಡಿದಳು. ಶಂಕುವಿನ ಮೇಲೆ ಅರ್ಧಗೋಳ ಕೂರಿಸಿದ ಲೆಕ್ಕಕ್ಕೆ ಕೈ ಹಾಕಲಿಲ್ಲ. ಇಂಟು ನಾಲ್ಕರ ಬದಲು ಹತ್ತಿದ್ದರೆ ಈ ಯೋಜನೆಯೇ ಆಗುತ್ತಿರಲಿಲ್ಲ. ಆಗ ಸುಲಭದ ಐದಾರು ಪಾಠ ಆರಿಸಿಕೊಂಡು ಪಾಸಿನ ಅಂಕಕ್ಕಷ್ಟೇ ಗುರಿ ಇಡಬೇಕು.

ಆರನೇ ದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಒಂದು ಪೂರ್ತಿ ಪತ್ರಿಕೆ ಬರೆಸಿದೆ. ತಿದ್ದುವಾಗ ಒಂದೊಂದು ಅಂಕ ಯಾಕೆ ಹೋಯಿತು ಎಂದು ಪಕ್ಕದಲ್ಲಿ ಬರೆಯುತ್ತಾ ಹೋದೆವು. ಪಾಠ ಬರದೆ ಹೋದದ್ದು ಬೇರೆ. ಬರುವ ಲೆಕ್ಕದಲ್ಲೇ ಏಳು ಅಂಕ ಹೋಗಿತ್ತು: ನಕ್ಷೆಯಲ್ಲಿ ಪ್ರಮಾಣ ಬರೆದಿಲ್ಲ, ಎರಡು ಕಡೆ ಏಕಮಾನ ಇಲ್ಲ, ಒಂದು ಕಡೆ ಮೈನಸ್ ಚಿಹ್ನೆ ಮುಂದಿನ ಸಾಲಿಗೆ ಬಂದಿಲ್ಲ, ಪ್ರಮೇಯದ ಚಿತ್ರಕ್ಕೆ ಹೆಸರಿಲ್ಲ. ಏಳನೇ ದಿನ ಹೊಸದೇನೂ ತೆಗೆಯಲಿಲ್ಲ. ಆ ಏಳು ಅಂಕದ ಲೆಕ್ಕಗಳನ್ನೇ ಇನ್ನೊಮ್ಮೆ ಮಾಡಿ, ಮಧ್ಯಾಹ್ನಕ್ಕೆ ಪುಸ್ತಕ ಮುಚ್ಚಿ ಅಂಗಡಿಗೆ ಹೋದಳು.